ಬೆಳಿಗ್ಗೆ ಆರೂವರೆಗೆ ಒಂದೇ ಪ್ರಶ್ನೆ: ಪಿಡಿಒ ಆನ್‌ಲೈನ್ ಕೋರ್ಸ್‌ಗೆ ಕ್ವಿಜ್, ಪೋಲ್ ಹಾಕುವ ಬಗೆ

ನನ್ನ ಕೋರ್ಸ್‌ಗೆ ಜನ ಬರಲಿ ಅಂತ ಟೆಲಿಗ್ರಾಂ ಚಾನೆಲ್ ಶುರು ಮಾಡಿದ ಮೊದಲ ಮೂರು ತಿಂಗಳು ನಾನು ದಿನಕ್ಕೆ ಹತ್ತು ಪ್ರಶ್ನೆ ಹಾಕುತ್ತಿದ್ದೆ. ಜಾಸ್ತಿ ಹಾಕಿದಷ್ಟೂ ಜಾಸ್ತಿ ಜನ ಬರ್ತಾರೆ ಅನ್ನೋದು ನನ್ನ ಲೆಕ್ಕ. ಮೊದಲ ಪ್ರಶ್ನೆಗೆ ಚೆನ್ನಾಗಿಯೇ ಮತ ಬೀಳುತ್ತಿತ್ತು. ಐದನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಜನ ಜಾಗ ಖಾಲಿ ಮಾಡಿರುತ್ತಿದ್ದರು. ಹತ್ತನೆಯದನ್ನು ಮುಟ್ಟುವವರು ಬೆರಳೆಣಿಕೆಯಷ್ಟು. ಒಂದು ದಿನ ಊರಿಗೆ ಹೋಗಿ ಬಂದವರಿಗೆ ಮರುದಿನ ಇಪ್ಪತ್ತು ಪ್ರಶ್ನೆ ಬಾಕಿ. ಬಾಕಿ ಗುಡ್ಡೆ ಬಿದ್ದಿದ್ದು ಕಂಡರೆ ಯಾರು ತಾನೇ ಕೂತು ತೀರಿಸುತ್ತಾರೆ? ಸುಮ್ನೆ ಚಾನೆಲ್ ಮ್ಯೂಟ್ ಮಾಡುತ್ತಾರೆ.

ಅಡ್ಮಿಷನ್ ಅಂತೂ ಆ ಪ್ರಶ್ನೆಗಳಿಂದ ಬರಲೇ ಇಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು. ಉತ್ತರ ಸರಿ ಇದ್ದವನು ಖುಷಿಪಟ್ಟು ಹೊರಟು ಹೋಗುತ್ತಿದ್ದ. ತಪ್ಪು ಇದ್ದವನು ಬೇಜಾರುಪಟ್ಟು ಹೊರಟು ಹೋಗುತ್ತಿದ್ದ. ಆ ತಪ್ಪನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ಕಲಿಸುವವನಿಗೆ ಕೆಲಸ ಇರುವುದು ಆ ತಪ್ಪಿನಲ್ಲಿ ಅಲ್ವಾ? ಅಲ್ಲಿಂದ ಇಡೀ ಕ್ರಮವನ್ನೇ ಬದಲಿಸಿದೆ. ಈಗ ಬೆಳಿಗ್ಗೆ ಒಂದು ಪ್ರಶ್ನೆ, ರಾತ್ರಿ ಅದರ ವಿವರಣೆ, ವಾರಕ್ಕೊಂದು ಪೋಲ್, ಭಾನುವಾರ ಒಂದು ಟೆಸ್ಟ್. ಅಷ್ಟೇ. ಅದನ್ನು ಮಾಡುವುದು ಹೇಗೆ ಅಂತ ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಪರೀಕ್ಷೆಯ ಕೋರ್ಸ್ ಇಟ್ಟುಕೊಂಡು ಹೇಳುತ್ತೇನೆ. ಎಫ್‌ಡಿಎ, ಗ್ರಾಮ ಆಡಳಿತಾಧಿಕಾರಿ, ಟಿಇಟಿ ಕೋರ್ಸ್ ನಡೆಸುವವರು ವಿಷಯ ಬದಲಿಸಿಕೊಂಡರೆ ಸಾಕು.

ಹೆಜ್ಜೆ 1: 21 ದಿನದ ಪಟ್ಟಿ ಮೊದಲೇ ಬರೆದಿಡಿ

"ದಿನಕ್ಕೊಂದು ಪ್ರಶ್ನೆ" ಅಂತ ಶುರು ಮಾಡಿದವರು ಎರಡನೇ ವಾರ ಸೋಲುವುದು ಪ್ರಶ್ನೆ ಸಿಗದೆ. ರಾತ್ರಿ ಹನ್ನೊಂದಕ್ಕೆ ಯಾವುದೋ ಗೈಡ್ ತೆರೆದು, ಕಣ್ಣಿಗೆ ಬಿದ್ದದ್ದನ್ನು ಹಾಕುತ್ತಾರೆ. ಇವತ್ತು ಕದಂಬರು, ನಾಳೆ ಜ್ವಾಲಾಮುಖಿ, ನಾಡಿದ್ದು ಜಿಎಸ್‌ಟಿ. ಓದುವವನಿಗೆ ಇವುಗಳ ನಡುವೆ ಕೊಂಡಿಯೇ ಕಾಣುವುದಿಲ್ಲ. ನಾಳೆ ಏನು ಬರುತ್ತದೆ ಅನ್ನುವ ಕಾಯುವಿಕೆಯೂ ಇರುವುದಿಲ್ಲ.

ಅದಕ್ಕೇ ಒಂದೇ ವಿಷಯ ಹಿಡಿದು ಮೂರು ವಾರದ ಸರಣಿ ಮಾಡಿ. ನಾನು ಹಿಡಿದದ್ದು ಪಂಚಾಯತ್ ರಾಜ್. ಮೊದಲ ವಾರ ಸಂವಿಧಾನದ ಭಾಗ: 73ನೇ ತಿದ್ದುಪಡಿ, 243ರಿಂದ ಶುರುವಾಗುವ ವಿಧಿಗಳು, 11ನೇ ಅನುಸೂಚಿ. ಎರಡನೇ ವಾರ ನಮ್ಮ ರಾಜ್ಯದ 1993ರ ಕಾಯ್ದೆ. ಮೂರನೇ ವಾರ ಗ್ರಾಮ ಪಂಚಾಯಿತಿಯ ದಿನನಿತ್ಯದ ಕೆಲಸ: ಗ್ರಾಮ ಸಭೆ, ತೆರಿಗೆ, ಉದ್ಯೋಗ ಖಾತ್ರಿ ತರಹದ್ದು. ಪ್ರತಿ ಪೋಸ್ಟಿನ ತಲೆಯ ಮೇಲೆ "ದಿನ 6/21" ಅಂತ ಬರೆಯುತ್ತೇನೆ. ಇದು ಚಿಕ್ಕ ವಿಷಯ, ಆದರೆ ಕೆಲಸ ಮಾಡುತ್ತದೆ. ಕೊನೆ ಎಲ್ಲಿದೆ ಅಂತ ಗೊತ್ತಿರುವ ದಾರಿಯನ್ನು ಜನ ನಡೆಯುತ್ತಾರೆ. ನಡುವೆ ಸೇರಿಕೊಂಡವರು ಮೇಲೆ ಹೋಗಿ ಒಂದನೇ ದಿನದಿಂದ ಮಾಡಿಕೊಂಡು ಬರುತ್ತಾರೆ.

ಸರಣಿ ಶುರುವಾಗುವ ಮುಂಚೆಯೇ ಕನಿಷ್ಠ 14 ಪ್ರಶ್ನೆ ಸಿದ್ಧವಿರಲಿ. ಉಳಿದ ಏಳನ್ನು ಬೇಕಂತಲೇ ಖಾಲಿ ಬಿಡಿ. ಅವು ಎಲ್ಲಿಂದ ಬರುತ್ತವೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಪ್ರಶ್ನೆಗಿಂತ ಮೊದಲು ತಪ್ಪನ್ನು ಹುಡುಕಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. ಸಾಮಾನ್ಯವಾಗಿ ನಾವು ಸರಿ ಉತ್ತರ ಇಟ್ಟುಕೊಂಡು ಪ್ರಶ್ನೆ ಬರೆಯುತ್ತೇವೆ. ಆಮೇಲೆ ಉಳಿದ ಮೂರು ಜಾಗಕ್ಕೆ ಏನಾದರೂ ತುಂಬುತ್ತೇವೆ. ಹಾಗೆ ಬರೆದರೆ ಪ್ರಶ್ನೆ ಬರೀ ನೆನಪಿನ ಪರೀಕ್ಷೆ ಆಗುತ್ತದೆ. ತಿರುಗಿಸಿ ಮಾಡಿ. ಹುಡುಗರು ಎಲ್ಲಿ ಗಲಿಬಿಲಿ ಮಾಡಿಕೊಳ್ಳುತ್ತಾರೆ ಅನ್ನುವುದನ್ನು ಮೊದಲು ಹಿಡಿಯಿರಿ. ಆ ಗಲಿಬಿಲಿಗೇ ಒಂದು ಆಯ್ಕೆ ಕೊಡಿ.

ಒಂದು ಪ್ರಶ್ನೆಯನ್ನು ಪೂರ್ತಿ ಬಿಚ್ಚಿ ತೋರಿಸುತ್ತೇನೆ. ಪಂಚಾಯಿತಿ ಚುನಾವಣೆ ಯಾರು ನಡೆಸುತ್ತಾರೆ ಅನ್ನುವುದು ಪಾಠದಲ್ಲಿ ಒಂದು ಸಾಲು. ರಾಜ್ಯ ಚುನಾವಣಾ ಆಯೋಗ, 243ಕೆ ವಿಧಿ, ಮುಗಿಯಿತು. ಆದರೆ ಕ್ಲಾಸಿನಲ್ಲಿ ಕೇಳಿದಾಗ ಅರ್ಧ ಜನ "ಮುಖ್ಯ ಚುನಾವಣಾಧಿಕಾರಿ ಸರ್" ಅನ್ನುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ. ಟಿವಿಯಲ್ಲಿ ಚುನಾವಣೆ ಬಂತೆಂದರೆ ಕಾಣುವುದು ಅವರೇ. ಎರಡರ ಹೆಸರಿನಲ್ಲೂ "ರಾಜ್ಯ" ಇದೆ, "ಚುನಾವಣಾ" ಇದೆ. ಆದರೆ ಮುಖ್ಯ ಚುನಾವಣಾಧಿಕಾರಿ ಭಾರತದ ಚುನಾವಣಾ ಆಯೋಗದ ಕೈಕೆಳಗೆ ಲೋಕಸಭೆ, ವಿಧಾನಸಭೆ ಚುನಾವಣೆ ನೋಡಿಕೊಳ್ಳುವವರು. ಪಂಚಾಯಿತಿ ಚುನಾವಣೆಯ ಹೊಣೆ ಬೇರೆಯೇ ಸಂಸ್ಥೆಯದು. ಹಾಗಾಗಿ ಪ್ರಶ್ನೆ ಹೀಗಾಯಿತು:

ದಿನ 6/21. ಸಂವಿಧಾನದ ಪ್ರಕಾರ ಗ್ರಾಮ ಪಂಚಾಯಿತಿ ಚುನಾವಣೆಯ ಮೇಲ್ವಿಚಾರಣೆ, ನಿರ್ದೇಶನ ಯಾರ ಕೈಯಲ್ಲಿದೆ?
1. ಭಾರತದ ಚುನಾವಣಾ ಆಯೋಗ
2. ರಾಜ್ಯದ ಮುಖ್ಯ ಚುನಾವಣಾಧಿಕಾರಿ
3. ರಾಜ್ಯ ಚುನಾವಣಾ ಆಯೋಗ
4. ಜಿಲ್ಲಾಧಿಕಾರಿ
5. ಗೊತ್ತಿಲ್ಲ, ಬಿಡ್ತೀನಿ

ಒಂದೊಂದು ತಪ್ಪು ಆಯ್ಕೆಗೂ ಒಂದೊಂದು ಕಾರಣ ಇದೆ. ಮೊದಲನೆಯದನ್ನು ಒತ್ತುವವನಿಗೆ ಎಲ್ಲ ಚುನಾವಣೆಯನ್ನೂ ದೆಹಲಿಯ ಆಯೋಗವೇ ನಡೆಸುತ್ತದೆ ಅನ್ನುವ ಕಲ್ಪನೆ. ಎರಡನೆಯವನಿಗೆ ಹೆಸರಿನ ಗೊಂದಲ. ನಾಲ್ಕನೆಯವನು ಊರಿನಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಾನೆ, ಯಾಕೆಂದರೆ ಜಿಲ್ಲೆಯಲ್ಲಿ ಚುನಾವಣೆಯ ಓಡಾಟ ನಡೆಯುವುದು ಡಿಸಿ ಕಚೇರಿಯಿಂದಲೇ. "ಸಂವಿಧಾನದ ಪ್ರಕಾರ" ಅನ್ನುವ ಎರಡು ಪದ ಇಲ್ಲದಿದ್ದರೆ ಅವನೊಂದಿಗೆ ಜಗಳ ಗ್ಯಾರಂಟಿ.

ಐದನೇ ಆಯ್ಕೆ ನೋಡಿ ಕೆಲವರು ನಗುತ್ತಾರೆ. ನನ್ನ ಪ್ರಕಾರ ಅದೇ ಮುಖ್ಯ. ನಮ್ಮ ನೇಮಕಾತಿ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ. ನಾಲ್ಕು ತಪ್ಪು ಸೇರಿ ಸರಿಯಾದ ಒಂದನ್ನು ನುಂಗುತ್ತವೆ. ಬಿಡುವುದೂ ಒಂದು ಕಲೆ, ಅದನ್ನೂ ಅಭ್ಯಾಸ ಮಾಡಬೇಕು. ನಿಮಗೂ ಲಾಭ ಇದೆ. ಈ ಆಯ್ಕೆ ಇಲ್ಲದಿದ್ದರೆ ಗೊತ್ತಿಲ್ಲದವರೆಲ್ಲ ಕಣ್ಣು ಮುಚ್ಚಿ ಯಾವುದನ್ನೋ ಒತ್ತುತ್ತಾರೆ. ಆಗ ನಿಜವಾದ ಗೊಂದಲ ಯಾವುದು, ಸುಮ್ನೆ ಒತ್ತಿದ್ದು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಈ ಆಯ್ಕೆ ಒತ್ತಿದವರಿಗೆ ಕ್ವಿಜ್ "ತಪ್ಪು" ಅಂತಲೇ ತೋರಿಸುತ್ತದೆ. ಇದು ಅಭ್ಯಾಸಕ್ಕೆ, ಬೇಜಾರು ಬೇಡ ಅಂತ ಮೊದಲ ದಿನವೇ ಹೇಳಿಬಿಡಿ.

ಇನ್ನೊಂದು ಮಾತು. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸಬೇಡಿ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಅನುವಾದದ ತಪ್ಪುಗಳಿಂದ ಎಂಥ ಗಲಾಟೆ ಆಯಿತು, ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ನಡೆಸಬೇಕಾಯಿತು ಅನ್ನುವುದು ಎಲ್ಲರಿಗೂ ನೆನಪಿದೆ. ಕನ್ನಡ ಮಾಧ್ಯಮದ ಹುಡುಗರು ಈ ವಿಷಯದಲ್ಲಿ ನೊಂದವರು. ನಿಮ್ಮ ಪ್ರಶ್ನೆ ಎರಡು ಸಲ ಓದಿದರೂ ಅರ್ಥವಾಗದಿದ್ದರೆ ಅವರಿಗೆ ನೆನಪಾಗುವುದು ಆ ಪ್ರಶ್ನೆಪತ್ರಿಕೆಯೇ. ಬರೆದಾದ ಮೇಲೆ ಒಮ್ಮೆ ಜೋರಾಗಿ ಓದಿ. ಉಸಿರು ಕಟ್ಟಿದರೆ ವಾಕ್ಯ ಒಡೆಯಿರಿ.

ಹೆಜ್ಜೆ 3: ಫೋನಿನಲ್ಲಿ ಹಾಕುವಾಗ

ದಿನದ ಕ್ವಿಜ್‌ಗೆ ನಾನು ಟೆಲಿಗ್ರಾಂ ಆರಿಸಿಕೊಂಡೆ. ಚಾನೆಲ್‌ನಲ್ಲಿ ಪೋಲ್ ತೆರೆದು `Quiz Mode` ಆನ್ ಮಾಡಿದರೆ ಒಂದು ಸರಿ ಉತ್ತರ ಗುರುತಿಸಬಹುದು, ಜೊತೆಗೆ ಒಂದು ಚಿಕ್ಕ ವಿವರಣೆಯನ್ನೂ ಸೇರಿಸಬಹುದು. ಒಮ್ಮೆ ಒತ್ತಿದ ಉತ್ತರವನ್ನು ಹಿಂತೆಗೆಯಲು ಬರುವುದಿಲ್ಲ. ಪರೀಕ್ಷೆಯ ಓಎಂಆರ್ ಹಾಳೆಯೂ ಹಾಗೇ ತಾನೇ. ಬೇರೆಯವರ ಮತ ಎಷ್ಟು ಅನ್ನುವುದು ತಾನು ಒತ್ತಿದ ಮೇಲೆಯೇ ಕಾಣುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಪೋಲ್‌ನಲ್ಲಿ ಯಾರು ಏನು ಒತ್ತಿದರು ಅಂತ ಹೆಸರು ಸಮೇತ ಕಾಣುತ್ತದೆ. ತಪ್ಪು ಮಾಡಲು ನಾಚುವ ಹುಡುಗರು ಅಲ್ಲಿ ಸುಮ್ಮನಿದ್ದುಬಿಡುತ್ತಾರೆ. ಟೆಲಿಗ್ರಾಂ ಚಾನೆಲ್‌ನ ಪೋಲ್‌ನಲ್ಲಿ ಹೆಸರು ಯಾರಿಗೂ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ. ಇದು ಅಡ್ಮಿಷನ್ ದೃಷ್ಟಿಯಿಂದ ತೊಂದರೆ, ಅದಕ್ಕೆ ಪರಿಹಾರ ಆರನೇ ಹೆಜ್ಜೆಯಲ್ಲಿದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಸಿಕ್ಕು ಇದೆ. ವಿವರಣೆಗೆ ಸಿಗುವುದು 200 ಅಕ್ಷರ. ಸಾಕಷ್ಟಾಯಿತು ಅನ್ನಿಸುತ್ತದೆ. ಆದರೆ ಅಲ್ಲಿ ಎಣಿಸುವುದು ನಾವು ಎಣಿಸುವ ಹಾಗಲ್ಲ. "ಕ್ಷೇತ್ರ" ನಮಗೆ ಎರಡು ಅಕ್ಷರ. ಅದಕ್ಕೆ ಏಳು: ಕ, ವಿರಾಮ ಚಿಹ್ನೆ, ಷ, ಏತ್ವ, ತ, ಮತ್ತೊಂದು ವಿರಾಮ ಚಿಹ್ನೆ, ರ. ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಹಾಗಾಗಿ ಕನ್ನಡದಲ್ಲಿ ಕೆಲವೇ ಚಿಕ್ಕ ವಾಕ್ಯಕ್ಕೆ ಜಾಗ ಮುಗಿಯುತ್ತದೆ. ಅದರಲ್ಲಿ ಸರಿ ಉತ್ತರವನ್ನು ಮತ್ತೆ ಬರೆಯುತ್ತಾ ಕೂರಬೇಡಿ, ಅದು ಹೇಗೂ ಪರದೆಯ ಮೇಲೆ ಕಾಣುತ್ತದೆ. ಆ ಜಾಗವನ್ನು ಅತಿ ಜಾಸ್ತಿ ಜನ ಒತ್ತಬಹುದಾದ ತಪ್ಪಿಗೆ ಕೊಡಿ:

"ವಿಧಿ 243ಕೆ. ಮುಖ್ಯ ಚುನಾವಣಾಧಿಕಾರಿ ಭಾರತದ ಚುನಾವಣಾ ಆಯೋಗದ ಕೈಕೆಳಗೆ. ಅವರದು ಲೋಕಸಭೆ, ವಿಧಾನಸಭೆ ಚುನಾವಣೆ. ಪೂರ್ತಿ ವಿವರ ರಾತ್ರಿ 9ಕ್ಕೆ."

ಕೊನೆಯ ನಾಲ್ಕು ಪದ ನೋಡಿ. ಬೆಳಿಗ್ಗೆ ತಪ್ಪು ಮಾಡಿದವನನ್ನು ರಾತ್ರಿ ಕರೆತರುವುದು ಅವೇ.

ಹೊತ್ತು ಯಾವುದಾದರೂ ಇರಲಿ, ಬದಲಾಗಬಾರದು. ನಮ್ಮಲ್ಲಿ ಓದುವವರು ಎರಡು ಬಗೆ. ಲೈಬ್ರರಿಗೆ ಹೋಗಿ ಪೂರ್ತಿ ದಿನ ಓದುವವರು ಒಂದು ಕಡೆ. ಕೆಲಸ ಮಾಡುತ್ತಾ ಬಸ್ಸಿನಲ್ಲಿ, ಊಟದ ಹೊತ್ತಲ್ಲಿ ಓದುವವರು ಇನ್ನೊಂದು ಕಡೆ. ಇಬ್ಬರೂ ಫೋನ್ ಹಿಡಿಯುವ ಹೊತ್ತು ಬೆಳಿಗ್ಗೆ ಆರೂವರೆ ಅಂತ ಪೋಲ್ ಹಾಕಿಯೇ ತಿಳಿದುಕೊಂಡೆ. ಆ ಹೊತ್ತಿಗೆ ನೀವೇ ಎದ್ದು ಹಾಕಬೇಕೆಂದಿಲ್ಲ. ಕಳಿಸುವ ಬಟನ್ ಒತ್ತಿ ಹಿಡಿದರೆ `Schedule Message` ಬರುತ್ತದೆ. ಶನಿವಾರ ಕೂತು ಇಡೀ ವಾರದ್ದನ್ನು ಜೋಡಿಸಿಬಿಡಿ. ಹಾಕುವ ಮುಂಚೆ ಸರಿ ಉತ್ತರದ ಗುರುತು ಯಾವ ಸಾಲಿನ ಮೇಲಿದೆ ಅಂತ ಮಾತ್ರ ಎರಡು ಸಲ ನೋಡಿ.

ಹೆಜ್ಜೆ 4: ರಾತ್ರಿ ಎಂಟಕ್ಕೆ ಮತಗಳನ್ನು ಓದಿ

ಬಹಳಷ್ಟು ಜನ ಎಷ್ಟು ಮತ ಬಿತ್ತು ಅಂತ ಮಾತ್ರ ನೋಡುತ್ತಾರೆ. ಎಲ್ಲಿ ಬಿತ್ತು ಅನ್ನುವುದನ್ನು ನೋಡಿ. ಆರನೇ ದಿನದ ಪ್ರಶ್ನೆಗೆ 400 ಮತ ಬಿದ್ದಿವೆ ಎಂದಿಟ್ಟುಕೊಳ್ಳಿ. ಭಾರತದ ಚುನಾವಣಾ ಆಯೋಗಕ್ಕೆ 96, ಮುಖ್ಯ ಚುನಾವಣಾಧಿಕಾರಿಗೆ 132, ಸರಿ ಉತ್ತರಕ್ಕೆ 124, ಜಿಲ್ಲಾಧಿಕಾರಿಗೆ 20, ಬಿಡ್ತೀನಿ ಅಂದವರು 28.

ಒಂದು ತಪ್ಪು ಆಯ್ಕೆಗೆ ಸರಿ ಉತ್ತರಕ್ಕಿಂತ ಜಾಸ್ತಿ ಮತ ಬಿದ್ದಿದೆ. ಹೀಗಾದಾಗ ಮೊದಲ ಅನುಮಾನ ನಿಮ್ಮ ಮೇಲೆಯೇ ಇರಲಿ. ಕೀ ಉತ್ತರ ಸರಿಯಿದೆಯೇ? ಪ್ರಶ್ನೆಗೆ ಎರಡು ಅರ್ಥ ಬರುತ್ತದೆಯೇ? ಗೈಡ್ ನೋಡಬೇಡಿ, ಸಂವಿಧಾನದ ಪಠ್ಯವನ್ನೇ ತೆರೆದು ನೋಡಿ. ಅಲ್ಲಿ ಸರಿಯಿದ್ದರೆ ಖುಷಿಪಡಿ. ನಿಮಗೆ ಒಂದು ನಿಜವಾದ ಪಾಠ ಸಿಕ್ಕಿತು. 132 ಜನ ಒಂದೇ ಕಡೆ ಎಡವಿದ್ದಾರೆ ಅಂದರೆ ಅದು ಸೋಮಾರಿತನ ಅಲ್ಲ, ಯಾರೂ ಅವರಿಗೆ ಆ ಎರಡನ್ನು ಬೇರೆ ಮಾಡಿ ಹೇಳಿಲ್ಲ.

ಜಿಲ್ಲಾಧಿಕಾರಿಗೆ ಬಿದ್ದ 20 ಮತ ಇನ್ನೊಂದು ಕತೆ ಹೇಳುತ್ತದೆ. ಆ ಆಯ್ಕೆ ಯಾರನ್ನೂ ಎಳೆಯಲಿಲ್ಲ, ಮುಂದಿನ ಸಲ ಬೇರೆ ಇಡಬೇಕು. ಇನ್ನು ಸರಿ ಉತ್ತರಕ್ಕೆ ನೂರಕ್ಕೆ ತೊಂಬತ್ತು ಬಿದ್ದ ದಿನ ಇದ್ದೇ ಇರುತ್ತದೆ. ವಾರಕ್ಕೊಂದು ಹಾಗಿದ್ದರೆ ಒಳ್ಳೆಯದೇ, ಹುರುಪು ಬರುತ್ತದೆ. ದಿನಾ ಹಾಗಾದರೆ ಕೋರ್ಸ್ ಬೇಕಾದವರು ನಿಮ್ಮ ಚಾನೆಲ್‌ನಲ್ಲಿ ಉಳಿಯುವುದಿಲ್ಲ, ಬರೀ ಟೈಮ್‌ಪಾಸ್‌ಗೆ ಬರುವವರು ಉಳಿಯುತ್ತಾರೆ.

ಒಂಬತ್ತು ಗಂಟೆಯ ಪೋಸ್ಟ್ ಈ ಮತಗಳ ಮೇಲೆಯೇ ನಿಲ್ಲಬೇಕು. ನಾನು ಬರೆಯುವುದು ಹೀಗೆ:

"ಇವತ್ತು 132 ಜನ ಮುಖ್ಯ ಚುನಾವಣಾಧಿಕಾರಿ ಅಂದಿರಿ. ತಪ್ಪಿದ್ದು ಯಾಕೆ ಅಂತ ನೋಡೋಣ. ಮತಗಟ್ಟೆಗೆ ಹೋಗುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ವಿಧಾನಸೌಧಕ್ಕೆ, ಸಂಸತ್ತಿಗೆ ಕಳಿಸುವ ಚುನಾವಣೆಯಾ? ಹಾಗಿದ್ದರೆ ಭಾರತದ ಚುನಾವಣಾ ಆಯೋಗ, ರಾಜ್ಯದಲ್ಲಿ ಅದರ ಕೈ ಮುಖ್ಯ ಚುನಾವಣಾಧಿಕಾರಿ. ಊರಿನ ಪಂಚಾಯಿತಿಗಾ? ಹಾಗಿದ್ದರೆ ರಾಜ್ಯ ಚುನಾವಣಾ ಆಯೋಗ. ನಗರಸಭೆಗೂ ಅದೇ. ನಿಮ್ಮ ತಪ್ಪು ಪುಸ್ತಕದಲ್ಲಿ ಎರಡು ಸಾಲು ಬರೆದುಕೊಳ್ಳಿ."

ತಪ್ಪು ಪುಸ್ತಕ ಅಂದರೆ ಬರೀ ನಲವತ್ತು ಹಾಳೆಯ ನೋಟ್‌ಬುಕ್. ತಪ್ಪಿದ ಪ್ರಶ್ನೆ ಮಾತ್ರ ಅದರಲ್ಲಿ. ಯಾವ ಆ್ಯಪ್‌ಗಿಂತಲೂ ಇದು ಜನರನ್ನು ಹಿಡಿದಿಡುತ್ತದೆ, ಯಾಕೆಂದರೆ ಕೈಬರಹದ ಪುಸ್ತಕವನ್ನು ಅರ್ಧಕ್ಕೆ ಬಿಡಲು ಮನಸ್ಸು ಬರುವುದಿಲ್ಲ.

ಪಾಠ ತಲುಪಿತೇ ಅಂತ ತಿಳಿಯಲು ನಾಲ್ಕು ದಿನ ಬಿಟ್ಟು ಅದೇ ಗೊಂದಲವನ್ನು ತಿರುಗಿಸಿ ಕೇಳಿ: "ರಾಜ್ಯದ ಮುಖ್ಯ ಚುನಾವಣಾಧಿಕಾರಿ ಯಾರ ಅಧೀನದಲ್ಲಿ ಕೆಲಸ ಮಾಡುತ್ತಾರೆ?" ಮೊದಲ ಸಲ ನೂರಕ್ಕೆ 31 ಸರಿಯಿದ್ದದ್ದು ಈ ಸಲ 55, 60ಕ್ಕೆ ಏರಿದರೆ ರಾತ್ರಿಯ ಪೋಸ್ಟ್ ಕೆಲಸ ಮಾಡಿದೆ. ಅಲ್ಲೇ ನಿಂತಿದ್ದರೆ ವಿವರಣೆಯನ್ನು ಹೊಸದಾಗಿ ಬರೆಯಿರಿ. ಒಂದನೇ ಹೆಜ್ಜೆಯಲ್ಲಿ ಖಾಲಿ ಬಿಟ್ಟ ಏಳು ಜಾಗ ಇಂಥ ಮರುಪ್ರಶ್ನೆಗಳಿಗೆ.

ಹೆಜ್ಜೆ 5: ಪೋಲ್ ಹಾಕಿದರೆ ಮಾತು ಉಳಿಸಿಕೊಳ್ಳಿ

ಕ್ವಿಜ್‌ನಲ್ಲಿ ಸರಿ ತಪ್ಪು ಇದೆ, ಪೋಲ್‌ನಲ್ಲಿ ಇಲ್ಲ. ಎರಡನ್ನೂ ಒಂದೇ ಹೊತ್ತಿಗೆ ಹಾಕಿದರೆ ಜನ ಗೊಂದಲಪಡುತ್ತಾರೆ. ನನ್ನದು ಬುಧವಾರ ರಾತ್ರಿ, ವಾರಕ್ಕೆ ಒಂದೇ.

ಒಂದೇ ನಿಯಮ. ಯಾವ ಆಯ್ಕೆ ಗೆದ್ದರೂ ಮಾಡಲು ಸಿದ್ಧವಿದ್ದರೆ ಮಾತ್ರ ಹಾಕಿ. "ನಿಮಗೆ ನಮ್ಮ ಕ್ವಿಜ್ ಇಷ್ಟವಾಯಿತಾ?" ಅನ್ನುವ ಪೋಲ್‌ನಿಂದ ಮಾಡಲು ಏನೂ ಇಲ್ಲ. "ಕೋರ್ಸ್ ಸೇರಲು ಆಸಕ್ತಿ ಇದೆಯಾ?" ಅಂತ ಕೇಳಿದರೆ ನೂರಾರು ಜನ ಹೌದು ಅನ್ನುತ್ತಾರೆ, ಹಣ ಕಟ್ಟುವ ದಿನ ಒಬ್ಬರೂ ಇರುವುದಿಲ್ಲ. ಬಾಯಿಮಾತಿನ ಹೌದಿಗೆ ಬೆಲೆ ಇಲ್ಲ. ನಾನು ಕೇಳುವುದು ಹೀಗಿರುತ್ತದೆ: "ಗುರುವಾರ ರಾತ್ರಿಯ ಲೈವ್‌ನಲ್ಲಿ ಯಾವುದು ಬೇಕು? ಗ್ರಾಮ ಸಭೆ ಮತ್ತು ವಾರ್ಡ್ ಸಭೆಯ ವ್ಯತ್ಯಾಸ, ಪಂಚಾಯಿತಿಯ ತೆರಿಗೆಗಳು, ಬಲವಂತರಾಯ್ ಮೆಹ್ತಾ ಮತ್ತು ಅಶೋಕ್ ಮೆಹ್ತಾ ಸಮಿತಿಗಳು." ಮೂರಕ್ಕೂ ನೋಟ್ಸ್ ಸಿದ್ಧವಿರುತ್ತದೆ. ಗೆದ್ದದ್ದು ಮರುದಿನವೇ ಲೈವ್‌ನಲ್ಲಿ ಬರುತ್ತದೆ. "ನೀವು ಆರಿಸಿದ ವಿಷಯ" ಅಂತಲೇ ಶುರು ಮಾಡುತ್ತೇನೆ. ಸೋತ ಎರಡು ವಿಷಯವೂ ವ್ಯರ್ಥವಲ್ಲ. ಕೋರ್ಸಿನ ಪುಟದಲ್ಲಿ ಯಾವ ಪಾಠದ ಹೆಸರು ಮೇಲೆ ಇರಬೇಕು ಅಂತ ನಾನು ತೀರ್ಮಾನಿಸುವುದು ಈ ಮತಗಳಿಂದಲೇ.

ಹೆಜ್ಜೆ 6: ಭಾನುವಾರದ ಟೆಸ್ಟ್, ಅಲ್ಲಿಂದ ಅಡ್ಮಿಷನ್

ಚಾನೆಲ್‌ನ ಕ್ವಿಜ್‌ನಲ್ಲಿ ಯಾರು ಯಾರು ಅಂತ ಗೊತ್ತಾಗುವುದಿಲ್ಲ ಅಂದೆನಲ್ಲ. ಭಾನುವಾರ ಸಂಜೆ ಅದಕ್ಕೆ ದಾರಿ. ಟೆಲಿಗ್ರಾಂನ `@QuizBot`ನಲ್ಲಿ 15 ಪ್ರಶ್ನೆಯ ಟೆಸ್ಟ್ ಮಾಡಿ, ಒಂದೊಂದಕ್ಕೆ 45 ಸೆಕೆಂಡ್ ಇಟ್ಟು, ಚಾನೆಲ್‌ಗೆ ಜೋಡಿಸಿದ ಗುಂಪಿನಲ್ಲಿ ಶುರು ಮಾಡುತ್ತೇನೆ. ಹನ್ನೊಂದು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಕೊನೆಗೆ ಹೆಸರು, ಅಂಕದ ಪಟ್ಟಿ ತಾನಾಗಿಯೇ ಬರುತ್ತದೆ. ಬರುವವರು ತಾವಾಗಿಯೇ ಹೆಸರಿನ ಸಮೇತ ಬರುತ್ತಾರೆ, ಅವರಿಗೆ ಪೈಪೋಟಿ ಇಷ್ಟ. ಹದಿನೈದರಲ್ಲಿ ಆರು ಆ ವಾರದ ಪ್ರಶ್ನೆಗಳನ್ನೇ ತಿರುಗಿಸಿದ್ದು, ಆರು ಹಿಂದಿನ ವಾರಗಳದ್ದು, ಮೂರು ಹೊಸದು. ದಿನಾ ಬಂದವನಿಗೆ ಹನ್ನೆರಡು ಸಿಗಲೇಬೇಕು. ದಿನಾ ಬಂದದ್ದಕ್ಕೆ ಕಣ್ಣಿಗೆ ಕಾಣುವ ಫಲ ಅದು. ನನ್ನ ಮಟ್ಟಿಗೆ ಅಭ್ಯಾಸ ಉಳಿಯುವುದು ಇದರಿಂದ. ಬಹುಮಾನ, ರೀಚಾರ್ಜ್ ಕೂಪನ್ ಎಲ್ಲ ಇಟ್ಟು ನೋಡಿದೆ, ಕೂಪನ್‌ಗೆ ಬಂದವರು ಕೂಪನ್ ಜೊತೆಗೇ ಹೋದರು.

ಅಡ್ಮಿಷನ್ ವಿಷಯ ಎತ್ತುವುದು ವಾರಕ್ಕೆ ಒಂದೇ ಸಲ, ಈ ಟೆಸ್ಟ್ ಮುಗಿದ ಮೇಲೆ. ಅದೂ ಅಂಕ ಹಿಡಿದು. ಒಂದು ಪೋಸ್ಟ್ ಹೀಗಿತ್ತು:

"ಇವತ್ತು ಹೆಚ್ಚು ಜನ ತಪ್ಪಿದ್ದು 4, 9, 13ನೇ ಪ್ರಶ್ನೆ. ಮೂರೂ ಒಂದೇ ಪಾಠದವು: ಪಂಚಾಯಿತಿಗೆ ಸಂಬಂಧಿಸಿದ ಆಯೋಗಗಳು. ಆ ಪಾಠದ ಮೊದಲ 12 ನಿಮಿಷ ಇಲ್ಲಿ ಉಚಿತವಾಗಿ ಇದೆ. ನೋಡಿ, ತಪ್ಪು ಪುಸ್ತಕ ಸರಿಮಾಡಿಕೊಳ್ಳಿ. ಪೂರ್ತಿ ಕೋರ್ಸ್ ಬೇಕಿದ್ದರೆ ಕೆಳಗೆ ಶುಲ್ಕ, ಪಾಠಗಳ ಪಟ್ಟಿ, ಹಣ ವಾಪಸಿನ ನಿಯಮ ಬರೆದಿದೆ."

ಶುಲ್ಕವನ್ನು ಮುಚ್ಚಿಡಬೇಡಿ. "ಡಿಎಂ ಮಾಡಿ" ಅನ್ನುವುದು ನಮ್ಮ ಹುಡುಗರಿಗೆ ಹಿಡಿಸುವುದಿಲ್ಲ, ಫೋನ್ ನಂಬರ್ ಕೊಟ್ಟರೆ ದಿನಾ ಕರೆ ಬರುತ್ತದೆ ಅನ್ನುವ ಹೆದರಿಕೆ ಅವರಿಗಿದೆ.

ಯಾವ ವಾರದ ಪೋಸ್ಟಿನಿಂದ ಜನ ಬಂದರು ಅಂತ ತಿಳಿಯಲು ಲಿಂಕಿಗೆ ಗುರುತು ಹಾಕಿ. ಪ್ರತಿ ವಾರ ಕೊನೆಯ ಭಾಗ ಮಾತ್ರ ಬದಲಿಸಿದರೆ ಸಾಕು:

```
https://example.in/pdo?utm_source=telegram&utm_medium=quiz&utm_campaign=week1
```

ಆಮೇಲೆ ಒಂದು ಹಾಳೆಯಲ್ಲಿ ನಾಲ್ಕೇ ಅಂಕಿ ಬರೆಯಿರಿ: ಎಷ್ಟು ಜನ ನೋಡಿದರು, ಎಷ್ಟು ಜನ ಮತ ಹಾಕಿದರು, ಭಾನುವಾರ ಎಷ್ಟು ಜನ ಕೂತರು, ಎಷ್ಟು ಜನ ಸೇರಿದರು. 900 ಜನ ನೋಡಿ, 400 ಮತ ಬಿದ್ದು, ಭಾನುವಾರ 80 ಜನ ಕೂತು, 5 ಜನ ಸೇರಿದರು ಎಂದಿಟ್ಟುಕೊಳ್ಳಿ. ಇಲ್ಲಿ ಸೋರುತ್ತಿರುವುದು 400ರಿಂದ 80ಕ್ಕೆ ಇಳಿಯುವ ಜಾಗದಲ್ಲಿ. ಟೆಸ್ಟಿನ ಹೊತ್ತು ಸರಿಯಿಲ್ಲದಿರಬಹುದು, ಗುಂಪಿನ ಲಿಂಕ್ ಹುಡುಕಲು ಕಷ್ಟವಿರಬಹುದು. 80 ಜನ ಕೂತರೂ ಯಾರೂ ಸೇರದಿದ್ದರೆ ಆಗ ನೋಡಬೇಕಾದದ್ದು ಕ್ವಿಜ್ ಅಲ್ಲ, ಆ 12 ನಿಮಿಷದ ಪಾಠ. ನಾನು ಒಮ್ಮೆ ಪಾಠ ಬಿಟ್ಟು ಎರಡು ವಾರ ಪ್ರಶ್ನೆಗಳನ್ನೇ ತಿದ್ದುತ್ತಾ ಕೂತಿದ್ದೆ. ಕೊನೆಗೆ ನೋಡಿದರೆ ವಿಡಿಯೊದ ಮೊದಲ ಮೂರು ನಿಮಿಷ ಬರೀ ನನ್ನ ಪರಿಚಯ.

ಬರೆಯುವ ಮಾತಿನ ಬಗ್ಗೆಯೂ ಎಚ್ಚರ ಬೇಕು. ಕೋಚಿಂಗ್ ಜಾಹೀರಾತುಗಳಿಗೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೆಲಸ ಗ್ಯಾರಂಟಿ ಅನ್ನುವುದು, ಆಯ್ಕೆಯಾದವರ ಫೋಟೊವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಹಾಕುವುದು, "ಇನ್ನು ನಾಲ್ಕೇ ಸೀಟು" ಅಂತ ಸುಳ್ಳು ಅವಸರ ಹುಟ್ಟಿಸುವುದು ಅದರ ಪ್ರಕಾರ ತಪ್ಪು. ರೆಕಾರ್ಡ್ ಮಾಡಿದ ಪಾಠಕ್ಕೆ ಸೀಟು ಎಲ್ಲಿಂದ ಬರಬೇಕು ಹೇಳಿ.

ಕೀ ತಪ್ಪಿದ ದಿನ ಏನು ಮಾಡಬೇಕು

ತಪ್ಪೇ ತಪ್ಪುತ್ತದೆ. ನನ್ನದು ತಪ್ಪಿದ್ದು ಹೀಗೆ. "ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಎಷ್ಟು ಮೀಸಲಾತಿ?" ಅಂತ ಕೇಳಿ, ಮೂರನೇ ಒಂದು ಭಾಗ ಅಂತ ಕೀ ಇಟ್ಟಿದ್ದೆ. ಏಳು ಗಂಟೆಗೆ ಮೊದಲ ಮೆಸೇಜ್: "ಸರ್, ನಮ್ಮ ರಾಜ್ಯದಲ್ಲಿ ಅರ್ಧ ಅಲ್ವಾ? ನಮ್ಮಕ್ಕನೇ ಮೆಂಬರ್ ಇದ್ದಾರೆ." ಅವನು ಹೇಳಿದ್ದು ಸರಿ. ಸಂವಿಧಾನ ಹೇಳುವುದು ಮೂರನೇ ಒಂದಕ್ಕೆ ಕಡಿಮೆ ಇರಬಾರದು ಅಂತ. ನಮ್ಮ ರಾಜ್ಯದ ಕಾಯ್ದೆ ಕೊಡುವುದು ಅರ್ಧ. ನನ್ನ ಪ್ರಶ್ನೆ ಯಾವ ಕಾನೂನು ಅಂತಲೇ ಹೇಳಿರಲಿಲ್ಲ, ಹಾಗಾಗಿ ಎರಡೂ ಉತ್ತರ ಸರಿ.

ಮತ ಬಿದ್ದ ಮೇಲೆ ಕೀ ಬದಲಿಸಲು ಬರುವುದಿಲ್ಲ. ಅಳಿಸಿಬಿಡೋಣ ಅನ್ನಿಸುತ್ತದೆ. ಅಳಿಸಬೇಡಿ. ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ, ಅಳಿಸಿದ್ದೇ ದೊಡ್ಡ ಸುದ್ದಿಯಾಗುತ್ತದೆ. ಆ ಪೋಲ್ ಅನ್ನು ನಿಲ್ಲಿಸಿ, ಅದಕ್ಕೇ ಉತ್ತರವಾಗಿ ತಪ್ಪು ಯಾರದು, ಎಲ್ಲಿ, ಸರಿ ಏನು ಅಂತ ಮೂರು ಸಾಲು ಬರೆದು ಪಿನ್ ಮಾಡಿ. ನಾನು ಮಧ್ಯಾಹ್ನವೇ ಎರಡು ಪ್ರಶ್ನೆ ಬೇರೆ ಬೇರೆ ಹಾಕಿದೆ, ಒಂದು "ಸಂವಿಧಾನದ 243ಡಿ ಪ್ರಕಾರ ಕನಿಷ್ಠ ಎಷ್ಟು", ಇನ್ನೊಂದು "ಕರ್ನಾಟಕದ ಕಾಯ್ದೆಯ ಪ್ರಕಾರ ಎಷ್ಟು". ಮೆಸೇಜ್ ಕಳಿಸಿದ ಹುಡುಗನಿಗೆ ಚಾನೆಲ್‌ನಲ್ಲೇ ಧನ್ಯವಾದ ಹೇಳಿದೆ, ಹೆಸರು ಹಾಕದೆ. ಅವತ್ತಿನಿಂದ ನಾನು ಬರೆಯುವ ಪ್ರತಿ ಪ್ರಶ್ನೆಯೂ ಯಾವ ಕಾನೂನು, ಯಾವ ವರ್ಷ ಅಂತ ಹೇಳಿಯೇ ಶುರುವಾಗುತ್ತದೆ.

ಪರೀಕ್ಷೆ ಮುಂದೆ ಹೋದರೆ

ನಮ್ಮಲ್ಲಿ ಇದಕ್ಕೆ ತಯಾರಿ ಇಲ್ಲದೆ ಯಾವ ಸರಣಿಯನ್ನೂ ಶುರು ಮಾಡಬಾರದು. ಮುಂದೂಡಿಕೆಯ ಪ್ರಕಟಣೆ ಬಂದ ಮರುದಿನ ಬೆಳಿಗ್ಗೆ ಮತಗಳು ಧೊಪ್ಪನೆ ಬೀಳುತ್ತವೆ. ಜನರಿಗೆ ಸಿಟ್ಟು ಬಂದಿರುತ್ತದೆ, ರೂಮಿನ ಬಾಡಿಗೆಯ ಚಿಂತೆ ಇರುತ್ತದೆ. ಆ ದಿನ 243ನೇ ವಿಧಿ ಕೇಳಿದರೆ ಯಾರಿಗೂ ಬೇಡ. ಕೋರ್ಸಿನ ಜಾಹೀರಾತು ಹಾಕಿದರಂತೂ ಬೈಗುಳ ಖಾತ್ರಿ.

ಒಮ್ಮೆ ಹಾಗಾದಾಗ ಕ್ವಿಜ್ ಬದಲು ಪೋಲ್ ಹಾಕಿದೆ: ಸರಣಿ ಇದ್ದ ಹಾಗೇ ನಡೆಯಲಿ, ವಾರಕ್ಕೆ ಮೂರು ದಿನ ಸಾಕು, ಎರಡು ದಿನ ರಜೆ ಕೊಡಿ, ಬೇರೆ ಪರೀಕ್ಷೆಯ ವಿಷಯ ಸೇರಿಸಿ. ಗೆದ್ದದ್ದು ಎರಡು ದಿನ ರಜೆ. ಎರಡು ದಿನ ನಿಜವಾಗಿಯೂ ಏನೂ ಹಾಕಲಿಲ್ಲ, ಕೈ ತುರಿಸುತ್ತಿದ್ದರೂ. ಮೂರನೇ ದಿನ ಆರೂವರೆಗೆ ಬೇಕಂತಲೇ ಸುಲಭದ್ದು ಕೇಳಿದೆ. 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಕೊಡಬಹುದಾದ ಎಷ್ಟು ವಿಷಯಗಳಿವೆ? ಇಪ್ಪತ್ತೊಂಬತ್ತು ಅಂತ ಹೆಚ್ಚಿನವರು ಸರಿಯಾಗಿಯೇ ಒತ್ತಿದರು. ಕೆಳಗೆ ಮೊದಲ ಕಾಮೆಂಟ್: "ಸರ್, ನಾಳೆಯಿಂದ ಕಷ್ಟದ್ದು ಹಾಕಿ."